ಉಚಿತ ಇ-ಪುಸ್ತಕವನ್ನು ತೆಗೆದುಕೊಳ್ಳುತ್ತಾರೆ, ಓದುವುದಿಲ್ಲ: ದೋಷ ಶೀರ್ಷಿಕೆಯಲ್ಲೋ, ಮುನ್ನುಡಿಯಲ್ಲೋ, ಅಧ್ಯಾಯಗಳಲ್ಲೋ?

ಮುಳಬಾಗಿಲಿನಲ್ಲಿ ಡ್ರಿಪ್ ಸಾಮಾನು ಮಾರುವ ನನ್ನ ಸ್ನೇಹಿತರೊಬ್ಬರಿದ್ದಾರೆ. ಹದಿನೈದು ವರ್ಷ ತೋಟ ತೋಟ ಅಲೆದು ಪೈಪ್ ಎಳೆದವರು. ತಮಗೆ ಗೊತ್ತಿರುವುದನ್ನೆಲ್ಲ 32 ಪುಟಗಳ ಪಿಡಿಎಫ್ ಮಾಡಿ, ಅಂಗಡಿಗೆ ಬರುವ ರೈತರಿಗೆ ವಾಟ್ಸಾಪ್‌ನಲ್ಲಿ ಉಚಿತವಾಗಿ ಕಳಿಸುತ್ತಿದ್ದರು. ಎರಡು ತಿಂಗಳಾದ ಮೇಲೆ ನನ್ನ ಹತ್ತಿರ ಬಂದು, "ಎಲ್ರೂ ತಗೊಂತಾರೆ, ಥ್ಯಾಂಕ್ಸ್ ಅಣ್ಣ ಅಂತಾರೆ. ಆಮೇಲೆ ಅದ್ರಾಗೇ ಇರೋ ಪ್ರಶ್ನೇನೇ ಫೋನ್ ಮಾಡಿ ಕೇಳ್ತಾರೆ" ಎಂದರು.

ಪುಸ್ತಕದ ಹೆಸರು "ಹನಿ ನೀರಾವರಿಯ ಸಮಗ್ರ ಕೈಪಿಡಿ: ಸಮೃದ್ಧ ಕೃಷಿಯತ್ತ ಒಂದು ಹೆಜ್ಜೆ". ಒಳಗಿದ್ದ ವಿಷಯ ಚೆನ್ನಾಗಿತ್ತು. ಕೆಟ್ಟಿದ್ದು ಮೂರು ಕಡೆ: ಶೀರ್ಷಿಕೆ, ಮುನ್ನುಡಿ, ಅಧ್ಯಾಯಗಳ ಹೆಸರು. ಪೈಪಿನಲ್ಲಿ ನೀರು ಎಲ್ಲಿ ನಿಂತಿದೆ ಎಂದು ಹುಡುಕುವ ಹಾಗೆಯೇ ಓದುಗ ಎಲ್ಲಿ ನಿಂತ ಎಂದೂ ಹುಡುಕಬೇಕು. ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡೋಣ.

ಲಕ್ಷಣ: ಕಳಿಸಿದ ಫೈಲನ್ನು ತೆರೆಯುವುದೇ ಇಲ್ಲ

ಶೀರ್ಷಿಕೆಯನ್ನು ಬೈಯುವ ಮೊದಲು ಅದು ಓದುಗನ ಕಣ್ಣಿಗೆ ಬೀಳುತ್ತಿದೆಯೇ ನೋಡಿ. ನಿಮ್ಮ ಪಿಡಿಎಫನ್ನು ಮನೆಯವರ ಮೊಬೈಲಿಗೆ ಕಳಿಸಿ, ಅವರ ಪರದೆಯನ್ನು ನೋಡಿ. ವಾಟ್ಸಾಪ್‌ನಲ್ಲಿ ಎದ್ದು ಕಾಣುವುದು ಫೈಲಿನ ಹೆಸರು. ನನ್ನ ಸ್ನೇಹಿತರದು `drip book final_new_3.pdf` ಎಂದಿತ್ತು. ಓದುಗನ ಪಾಲಿಗೆ ಅದೇ ಶೀರ್ಷಿಕೆ. ಹೊಸ ಹೆಸರು ಕೊಡಲು ಅರ್ಧ ನಿಮಿಷ ಸಾಕು. ಕನ್ನಡದಲ್ಲೇ ಕೊಡಬಹುದು, ಹೆಚ್ಚಿನ ಮೊಬೈಲ್‌ಗಳಲ್ಲಿ ತೊಂದರೆಯಿಲ್ಲ.

ಎರಡನೆಯದಾಗಿ, ಪಿಡಿಎಫ್‌ನ ಒಂದು ಸಾಲನ್ನು ಕಾಪಿ ಮಾಡಿ ಮೆಸೇಜಿನಲ್ಲಿ ಪೇಸ್ಟ್ ಮಾಡಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದಂತೆ ಬಂದರೆ, ಹಳೆಯ ನುಡಿ ಅಥವಾ ಅಂಥದ್ದೇ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಾಗಿದೆ ಎಂದರ್ಥ. ಕಣ್ಣಿಗೆ ಸರಿಯಾಗಿ ಕಂಡರೂ ಅದರಲ್ಲಿ ಪದ ಹುಡುಕಲಾಗದು. ಡಿಟಿಪಿ ಅಂಗಡಿಯಲ್ಲಿ ಯೂನಿಕೋಡಿಗೆ ಪರಿವರ್ತಿಸಿಕೊಡುತ್ತಾರೆ. ಆದರೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳಿ, ಪರಿವರ್ತನೆಯಲ್ಲಿ ಮೊದಲು ಕೆಡುವುದು ಅವೇ.

ಇವೆರಡೂ ಸರಿಯಿದ್ದು, ಫೈಲನ್ನು ಆಗಲೂ ತೆರೆಯದಿದ್ದರೆ ಮುಂದಕ್ಕೆ ಹೋಗಿ.

ಲಕ್ಷಣ: ಶೀರ್ಷಿಕೆ ಓದಿದವರು "ಇದ್ರಾಗೆ ಏನೈತೆ?" ಎನ್ನುತ್ತಾರೆ

ಈ ಪ್ರಶ್ನೆ ಬಂದರೆ ದೋಷ ಶೀರ್ಷಿಕೆಯಲ್ಲೇ ಇದೆ. ಖಚಿತಪಡಿಸಿಕೊಳ್ಳಲು ವಿಷಯದ ಪದವನ್ನು ಕಿತ್ತು ಬೇರೆಯದನ್ನು ಹಾಕಿ ನೋಡಿ. "ಹನಿ ನೀರಾವರಿ" ತೆಗೆದು "ಕುರಿ ಸಾಕಣೆ" ಹಾಕಿದೆವು: "ಕುರಿ ಸಾಕಣೆಯ ಸಮಗ್ರ ಕೈಪಿಡಿ: ಸಮೃದ್ಧ ಕೃಷಿಯತ್ತ ಒಂದು ಹೆಜ್ಜೆ". ಏನೂ ಕೆಡಲಿಲ್ಲ. "ರೇಷ್ಮೆ" ಹಾಕಿದರೂ ಕೆಡುವುದಿಲ್ಲ. ಅಂದರೆ ವಿಷಯದ ಹೆಸರೊಂದನ್ನು ಬಿಟ್ಟರೆ ಉಳಿದ ಒಂದು ಪದವೂ ಕೆಲಸ ಮಾಡುತ್ತಿರಲಿಲ್ಲ. ಸಮಗ್ರ, ಸಂಪೂರ್ಣ, ಸುಲಭ, ಯಶಸ್ವಿ, ಹೆಜ್ಜೆ, ಹಾದಿ, ಕೀಲಿಕೈ: ಇವು ಯಾವ ಗೋಡೆಗೂ ಹೊಂದುವ ಸುಣ್ಣ.

ಇಲ್ಲಿ ಹೆಚ್ಚಿನವರು ಚೆಂದದ ಪದ ಹುಡುಕಲು ಕೂರುತ್ತಾರೆ. ಅದು ಆಮೇಲಿನ ಕೆಲಸ. ಮೊದಲು ಈ ಪುಸ್ತಕ ಯಾರಿಗೆ ಎಂಬ ಪ್ರಶ್ನೆ ಇತ್ಯರ್ಥವಾಗಬೇಕು. ನನ್ನ ಸ್ನೇಹಿತರ ಪುಸ್ತಕದಲ್ಲಿ ಇಬ್ಬರು ಓದುಗರು ಒಂದೇ ಮಂಚದಲ್ಲಿ ಮಲಗಿದ್ದರು. ಡ್ರಿಪ್ ಹಾಕಿಸಬೇಕೋ ಬೇಡವೋ ಎಂದು ಯೋಚಿಸುವವನೊಬ್ಬ, ಆಗಲೇ ಹಾಕಿಸಿ ನೀರು ಬಾರದೆ ಒದ್ದಾಡುತ್ತಿರುವವನು ಇನ್ನೊಬ್ಬ. ಅಂಗಡಿಗೆ ಫೋನ್ ಮಾಡುತ್ತಿದ್ದವರೆಲ್ಲ ಎರಡನೆಯವರು. ಕೋಲಾರದ ಕಡೆಯ ಆಳದ ಬೋರ್‌ವೆಲ್ ನೀರು ಎಷ್ಟೋ ಕಡೆ ಗಡಸು. ಸುಣ್ಣದಂಥ ಉಪ್ಪು ಡ್ರಿಪ್ಪರಿನ ತೂತಿನಲ್ಲಿ ಕಟ್ಟುತ್ತದೆ, ಟೊಮ್ಯಾಟೊ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಾಡುತ್ತದೆ. ಆ ರೈತನಿಗೆ "ಹನಿ ನೀರಾವರಿಯ ಪ್ರಯೋಜನಗಳು" ಎಂದು ಪಾಠ ಮಾಡುವುದು ಮದುವೆಯಾದವನಿಗೆ ಹುಡುಗಿ ತೋರಿಸಿದ ಹಾಗೆ. ಓದುಗ ಒಬ್ಬನೇ ಎಂದು ತೀರ್ಮಾನಿಸಿದೆವು: ಡ್ರಿಪ್ ಇದೆ, ಬೆಳೆ ನಿಂತಿದೆ, ನೀರು ಎಲ್ಲ ಕಡೆ ಸಮನಾಗಿ ಬೀಳುತ್ತಿಲ್ಲ.

ಅದಾದ ಮೇಲೆ ಪುಸ್ತಕದೊಳಗೆ ಹೋಗಿ, ಇವನು ಇಂದೇ ಮಾಡಿ ನೋಡಬಹುದಾದ ಒಂದು ಕೆಲಸ ಎಲ್ಲಿದೆ ಎಂದು ಹುಡುಕಿದೆವು. 27ನೇ ಪುಟದಲ್ಲಿ ಸಿಕ್ಕಿತು. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಆದರೆ 15 ನಿಮಿಷಕ್ಕೆ 1 ಲೀಟರ್ ತುಂಬಬೇಕು, 2 ಲೀಟರಿನದಾದರೆ ಅರ್ಧ ಲೀಟರ್. ಸಾಲಿನ ಮೊದಲ ಗಿಡದ ಹತ್ತಿರವೂ ಕೊನೆಯ ಗಿಡದ ಹತ್ತಿರವೂ ಕತ್ತು ಕತ್ತರಿಸಿದ ನೀರಿನ ಬಾಟಲಿ ಇಟ್ಟರೆ ದೋಷ ಯಾವ ಕಡೆ ಎಂಬುದು ತಾನೇ ಗೊತ್ತಾಗುತ್ತದೆ. ಇಡೀ ಪುಸ್ತಕದ ಚಿನ್ನ ಇದು. ಇದನ್ನು ಅವರು "ಸಮಸ್ಯೆಗಳು ಮತ್ತು ಪರಿಹಾರಗಳು" ಎಂಬ ಎಂಟನೇ ಅಧ್ಯಾಯದ ನಡುವೆ ಹೂತಿಟ್ಟಿದ್ದರು.

ಆಮೇಲೆ ಬರೆದ ಶೀರ್ಷಿಕೆಗಳು ಹೀಗೆ ಸಾಗಿದವು. ಮೊದಲ ಪ್ರಯತ್ನ: "ಡ್ರಿಪ್ ನಿರ್ವಹಣೆಯ ಸುಲಭ ಸೂತ್ರಗಳು". ಕುರಿ ಪರೀಕ್ಷೆಯಲ್ಲಿ ಇದೂ ಬಿತ್ತು. ಎರಡನೆಯದು ಅವರದೇ ಉತ್ಸಾಹ: "ಟೊಮ್ಯಾಟೊ ಇಳುವರಿ ದುಪ್ಪಟ್ಟು ಮಾಡಿ". ಇದು ಸ್ಪಷ್ಟವಾಗಿಯೇ ಇದೆ, ಆದರೆ ಸುಳ್ಳು. ಇಳುವರಿ ಎಂಬುದು ತಳಿ, ರೋಗ, ಮಳೆ ಎಲ್ಲ ಸೇರಿ ಆಗುವ ಲೆಕ್ಕ, ಪೈಪ್ ತೊಳೆದವನು ಅದನ್ನು ಬರೆದುಕೊಡಲಾರ. ಮೂರನೆಯದು: "ಡ್ರಿಪ್ ಕಟ್ಟಿಕೊಂಡಿದೆಯೇ? ಕಾರಣ ಮತ್ತು ಪರಿಹಾರ". ಓದುಗ ಸಿಕ್ಕ, ಆದರೆ ಅವನ ಕೈಗೆ ಏನು ಬರುತ್ತದೆ ಎಂಬುದು ಇನ್ನೂ ಮಸುಕು. ನಾಲ್ಕನೆಯದನ್ನು ಇಟ್ಟುಕೊಂಡೆವು:

> ಕೊನೆ ಗಿಡಕ್ಕೂ ನೀರು
> ಡ್ರಿಪ್ ಎಲ್ಲಿ ಕಟ್ಟಿದೆ ಎಂದು ಎರಡು ಬಾಟಲಿ ಇಟ್ಟು 15 ನಿಮಿಷದಲ್ಲಿ ಪತ್ತೆ ಮಾಡುವುದು

ಮೇಲಿನ ಸಾಲು ಬೇಕಾದದ್ದನ್ನು ಹೇಳುತ್ತದೆ. ಕೆಳಗಿನದರಲ್ಲಿ ಸಾಮಾನು, ಸಮಯ, ಸಿಗುವ ಫಲ ಮೂರೂ ಇವೆ. "ಸರಿಪಡಿಸುವುದು" ಎನ್ನದೆ "ಪತ್ತೆ ಮಾಡುವುದು" ಎಂದಿರುವುದನ್ನು ಗಮನಿಸಿ. 15 ನಿಮಿಷದಲ್ಲಿ ಆಗುವುದು ಪತ್ತೆ ಮಾತ್ರ. ಈ ಒಂದು ಕ್ರಿಯಾಪದಕ್ಕಾಗಿ ನಾವು ಒಂದು ಸಂಜೆ ಜಗಳ ಆಡಿದ್ದೇವೆ.

ಪರೀಕ್ಷೆ ಮುಗಿಯಬೇಕಾದರೆ, ಪುಸ್ತಕ ನೋಡಿರದ ಮೂವರಿಗೆ ಶೀರ್ಷಿಕೆಯನ್ನು ಒಮ್ಮೆ ಓದಿ ಹೇಳಿ, ಒಳಗೆ ಏನಿರಬಹುದು ಎಂದು ಕೇಳಿ. ಮೂವರೂ ಹೆಚ್ಚು ಕಡಿಮೆ ಒಂದೇ ಉತ್ತರ ಕೊಟ್ಟರೆ, ಆ ಉತ್ತರ ನಿಜವೂ ಆಗಿದ್ದರೆ, ಅಲ್ಲಿಗೆ ನಿಲ್ಲಿಸಿ. "ಚೆನ್ನಾಗಿದೆಯಾ?" ಎಂದು ಮಾತ್ರ ಕೇಳಬೇಡಿ, ನಮ್ಮ ಕಡೆ ಯಾರೂ ಮುಖದ ಮೇಲೆ ಚೆನ್ನಾಗಿಲ್ಲ ಎನ್ನುವುದಿಲ್ಲ.

ಲಕ್ಷಣ: ತೆರೆಯುತ್ತಾರೆ, ಎರಡನೇ ಪುಟಕ್ಕೇ ಮುಚ್ಚುತ್ತಾರೆ

ಇದು ಮುನ್ನುಡಿಯ ಕಾಯಿಲೆ. ಪತ್ತೆ ಮಾಡುವ ಬಗೆ: ಒಂದು ಪೆನ್ಸಿಲ್ ಹಿಡಿದು, ಓದುಗನ ಹೊಲದಲ್ಲಿ ಕಣ್ಣಿಗೆ ಕಾಣುವ ಒಂದು ವಸ್ತು ಅಥವಾ ಘಟನೆ ಮೊದಲು ಬರುವ ಸಾಲಿನ ಕೆಳಗೆ ಗೀಟು ಹಾಕಿ. ಅದು ಎಷ್ಟನೇ ಸಾಲು? ನನ್ನ ಸ್ನೇಹಿತರ ಮುನ್ನುಡಿ "ಕೃಷಿಯು ನಮ್ಮ ದೇಶದ ಬೆನ್ನೆಲುಬು" ಎಂದು ಶುರುವಾಗಿ, ಅಂತರ್ಜಲ ಕುಸಿತ, ಜನಸಂಖ್ಯೆ, ಹಸಿರು ಕ್ರಾಂತಿ ಎಲ್ಲ ಸುತ್ತಿಕೊಂಡು ಬಂದು, "ಡ್ರಿಪ್ಪರ್" ಎಂಬ ಪದ ಮೊದಲು ಕಾಣಿಸಿದ್ದು 31ನೇ ಸಾಲಿನಲ್ಲಿ. ಮೊಬೈಲಿನಲ್ಲಿ ಓದುವವನಿಗೆ ಅದು ನಾಲ್ಕೈದು ಸಲ ಬೆರಳು ಎಳೆದ ಮೇಲೆ.

ಐದನೇ ಸಾಲಿನೊಳಗೆ ಗೀಟು ಬಿದ್ದರೆ ಮುನ್ನುಡಿಯನ್ನು ಹಾಗೆಯೇ ಬಿಡಿ. ಹತ್ತು ದಾಟಿದರೆ ಮೇಲಿನದನ್ನು ಕತ್ತರಿಸಿ ನೋಡಿ. ಎಷ್ಟೋ ಸಲ ನಿಜವಾದ ಮುನ್ನುಡಿ ಹಳೆಯದರ ಒಳಗೇ ಅರ್ಧದಿಂದ ಶುರುವಾಗಿರುತ್ತದೆ. ಕತ್ತರಿಸಿದರೂ ಆಗದಿದ್ದರೆ ಹೊಸದಾಗಿ ಬರೆಯಬೇಕು. ನಾವು ಬರೆದದ್ದು ಇದು:

> ಸಾಲಿನ ಮೊದಲ ಗಿಡ ಹಸಿರಾಗಿದೆ, ಕೊನೆಯದು ಮಧ್ಯಾಹ್ನಕ್ಕೇ ಜೋಲುತ್ತದೆ. ಮೋಟಾರು ಅಷ್ಟೇ ಹೊತ್ತು ಓಡುತ್ತಿದೆ, ಕರೆಂಟೂ ಇದೆ. ಹಾಗಿದ್ದರೆ ನೀರು ದಾರಿಯಲ್ಲಿ ಎಲ್ಲೋ ನಿಂತಿದೆ.
>
> ಈ ಪುಸ್ತಕ ಡ್ರಿಪ್ ಆಗಲೇ ಇರುವವರಿಗೆ. ಒಂದು ಲೀಟರಿನ ಎರಡು ಖಾಲಿ ಬಾಟಲಿ, ಒಂದು ತುಂಡು ದಾರ, ಗಡಿಯಾರ ಇದ್ದರೆ, ತೊಂದರೆ ಫಿಲ್ಟರಿನಲ್ಲೋ, ಪೈಪಿನ ತುದಿಯಲ್ಲೋ, ಡ್ರಿಪ್ಪರಿನ ತೂತಿನಲ್ಲೋ ಎಂದು ನೀವೇ ಕಂಡುಕೊಳ್ಳುತ್ತೀರಿ. ಮೊದಲ ಎರಡನ್ನು ದುಡ್ಡು ಕೊಡದೆ ನೀವೇ ಸರಿ ಮಾಡಬಹುದು.
>
> ಹೊಸ ಡ್ರಿಪ್ ಹಾಕಿಸುವುದು, ಸಬ್ಸಿಡಿ ಅರ್ಜಿ, ಮೋಟಾರ್ ರಿಪೇರಿ ಇದರಲ್ಲಿ ಇಲ್ಲ. ಬೋರ್‌ವೆಲ್ಲಿನಲ್ಲೇ ನೀರು ಇಳಿದಿದ್ದರೆ ಈ ಪುಸ್ತಕ ಉಪಯೋಗಕ್ಕೆ ಬಾರದು.

ಕೊನೆಯ ಎರಡು ವಾಕ್ಯಗಳನ್ನು ಹಾಕಲು ಸ್ನೇಹಿತರು ಸುಲಭಕ್ಕೆ ಒಪ್ಪಲಿಲ್ಲ, "ಗಿರಾಕಿ ಓಡಿಹೋಗ್ತಾನೆ" ಎಂದರು. ನನ್ನ ಅನುಭವದಲ್ಲಿ ಏನಿಲ್ಲ ಎಂದು ಹೇಳಿದ ಮೇಲೆಯೇ ಏನಿದೆ ಎಂಬುದನ್ನು ನಂಬುತ್ತಾರೆ. ಮೊದಲ ಎರಡನ್ನು ನೀವೇ ಸರಿ ಮಾಡಬಹುದು ಎಂದಾಗ, ಮೂರನೆಯದಕ್ಕೆ ಬೇರೆ ಯಾರಾದರೂ ಬೇಕು ಎಂಬ ಎಚ್ಚರಿಕೆಯೂ ಸದ್ದಿಲ್ಲದೆ ಸೇರಿಕೊಂಡಿದೆ.

ಲಕ್ಷಣ: ಪುಸ್ತಕ ಕೈಯಲ್ಲಿದ್ದೂ ಅದರಲ್ಲಿರುವುದನ್ನೇ ಫೋನ್ ಮಾಡಿ ಕೇಳುತ್ತಾರೆ

ಅಧ್ಯಾಯಗಳ ಹೆಸರು ದಾರಿ ತೋರಿಸುತ್ತಿಲ್ಲ. ಪರಿವಿಡಿಯ ಪುಟವನ್ನು ಮಾತ್ರ ಯಾರಿಗಾದರೂ ಕೊಟ್ಟು, "ಕೊನೆ ಗಿಡ ಬಾಡಿದೆ, ಎಷ್ಟನೇ ಪುಟ ತೆಗೀತೀಯ?" ಎಂದು ಕೇಳಿ. ಹಳೆಯ ಪರಿವಿಡಿ ಹೀಗಿತ್ತು: ಪೀಠಿಕೆ, ಇತಿಹಾಸ, ಪ್ರಯೋಜನಗಳು, ಘಟಕಗಳು, ಅಳವಡಿಕೆ, ನಿರ್ವಹಣೆ, ರಾಸಾಯನಿಕ ಉಪಚಾರ, ಸಮಸ್ಯೆಗಳು ಮತ್ತು ಪರಿಹಾರಗಳು, ಉಪಸಂಹಾರ. ನಾನು ಕೇಳಿದ ಹುಡುಗ "ನಿರ್ವಹಣೆ"ಯನ್ನು ತೆಗೆದ. ಅಲ್ಲಿದ್ದದ್ದು ಫಿಲ್ಟರ್ ತೊಳೆಯುವ ವೇಳಾಪಟ್ಟಿ.

ರೈತ ಹೊಲದಲ್ಲಿ ನೋಡುವುದು ಬಾಡಿದ ಗಿಡವನ್ನು, ಘಟಕವನ್ನಲ್ಲ. ಆದ್ದರಿಂದ ಕಂಡದ್ದನ್ನೇ ಹೆಸರಾಗಿಸಿದೆವು, ಜೊತೆಗೆ ಆ ಅಧ್ಯಾಯ ಮುಗಿಯುವಾಗ ಕೈಯಲ್ಲಿ ಏನಿರುತ್ತದೆ ಎಂಬುದನ್ನೂ ಸೇರಿಸಿದೆವು:

> 1. ಯಾವ ಸಾಲಿಗೆ ಕಡಿಮೆ? ಎರಡು ಬಾಟಲಿಯ ಅಳತೆ
> 2. ಎರಡೂ ಬಾಟಲಿ ಕಡಿಮೆ ತುಂಬಿದರೆ: ಫಿಲ್ಟರ್ ಬಿಚ್ಚಿ ನೋಡುವುದು
> 3. ಮೊದಲನೆಯದು ತುಂಬಿತು, ಕೊನೆಯದು ತುಂಬಲಿಲ್ಲ: ತುದಿ ಬಿಚ್ಚಿ ಕೆಸರು ಹರಿಸುವುದು
> 4. ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಬಾಡಿದರೆ: ತೂತಿನಲ್ಲಿರುವುದು ಬಿಳಿಯೋ, ಕೆಂಪೋ?
> 5. ಬಿಳಿ ಕಟ್ಟಿದ್ದರೆ: ಆಸಿಡ್ ತರುವ ಮುನ್ನ ನೀರನ್ನು ಪರೀಕ್ಷೆಗೆ ಕೊಡುವುದು

ಹೆಸರುಗಳನ್ನು ಓದುತ್ತ ಹೋದರೆ ಅದೇ ಒಂದು ತಪಾಸಣೆ. ಪುಸ್ತಕ ತೆರೆಯದೆ ಪರಿವಿಡಿಯನ್ನೇ ಓದಿದವನಿಗೂ ಅರ್ಧ ಕೆಲಸ ಗೊತ್ತಾಗುತ್ತದೆ. "ಹಾಗಾದ್ರೆ ಒಳಗೆ ಯಾಕೆ ಓದ್ತಾನೆ?" ಎಂದು ಸ್ನೇಹಿತರು ಕೇಳಿದರು. ಫಿಲ್ಟರ್ ಬಿಚ್ಚಬೇಕು ಎಂದು ಗೊತ್ತಾದವನಿಗೆ ಹೇಗೆ ಬಿಚ್ಚುವುದು ಎಂಬುದು ಬೇಕೇ ಬೇಕು, ಅದಕ್ಕೆ ಓದುತ್ತಾನೆ.

ಇನ್ನೊಂದು ಕಠಿಣ ಸಂಗತಿ ಇಲ್ಲೇ ಹೊರಬೀಳುತ್ತದೆ. ಕೆಲವು ಅಧ್ಯಾಯಗಳಿಗೆ ಎಷ್ಟು ತಿಣುಕಿದರೂ ಸ್ಪಷ್ಟವಾದ ಹೆಸರು ಹುಟ್ಟುವುದಿಲ್ಲ. "ಇತಿಹಾಸ" ಎಂಬುದಕ್ಕೆ ನಾವು ಆರು ಹೆಸರು ಬರೆದು ಆರನ್ನೂ ಹೊಡೆದುಹಾಕಿದೆವು. ಹಾಗಾದಾಗ ಹೆಸರಿನ ಮೇಲೆ ಶ್ರಮ ನಿಲ್ಲಿಸಿ. ಈ ಓದುಗನಿಗೆ ಆ ಅಧ್ಯಾಯದಲ್ಲಿ ಏನೂ ಇಲ್ಲ ಎಂಬುದೇ ಅದರ ಅರ್ಥ. ಇತಿಹಾಸ, ಪ್ರಯೋಜನ, ಉಪಸಂಹಾರ ಹೋದವು. ಘಟಕಗಳ ವಿವರ ಎಲ್ಲೆಲ್ಲಿ ಬೇಕೋ ಅಲ್ಲಲ್ಲಿಗೆ ಹಂಚಿಹೋಯಿತು. ಅಳವಡಿಕೆಯನ್ನು ಎತ್ತಿಟ್ಟಿದ್ದಾರೆ, ಅದು ಬೇರೆ ಓದುಗನ ಬೇರೆ ಪುಸ್ತಕ. 32 ಪುಟ 14 ಆಯಿತು.

ಲಕ್ಷಣ: ಈಗ ಓದುತ್ತಾರೆ, ಆದರೆ "ನೀವು ಬರೆದ ಹಾಗೆ ಆಗಲಿಲ್ಲ" ಎನ್ನುತ್ತಾರೆ

ಮಾತು ಸ್ಪಷ್ಟವಾದಷ್ಟೂ ಸಿಕ್ಕಿಬೀಳುವುದು ಸುಲಭ. "ಸಮೃದ್ಧಿಯತ್ತ ಹೆಜ್ಜೆ" ಸುಳ್ಳಾಯಿತು ಎಂದು ಯಾರೂ ಜಗಳಕ್ಕೆ ಬರುವುದಿಲ್ಲ, "15 ನಿಮಿಷ" ಎಂದರೆ ಬರುತ್ತಾರೆ. ಹಾಗಾಗಿ ಹಂಚುವ ಮುನ್ನ ಶೀರ್ಷಿಕೆಯ ಮತ್ತು ಮುನ್ನುಡಿಯ ಒಂದೊಂದು ಮಾತಿನ ಪಕ್ಕದಲ್ಲೂ ಅದನ್ನು ತೀರಿಸುವ ಪುಟದ ಸಂಖ್ಯೆ ಬರೆಯಿರಿ. "ಎರಡು ಬಾಟಲಿ" 2ನೇ ಪುಟ, "ಫಿಲ್ಟರ್" 5ನೇ ಪುಟ, ಹೀಗೆ. ಸಂಖ್ಯೆ ಸಿಗದ ಮಾತನ್ನು ಅಳಿಸಿ, ಇಲ್ಲವೇ ಆ ಪುಟವನ್ನು ಬರೆಯಿರಿ.

ಪುಟ ಇದ್ದರೂ ಸಾಲದು, ಮಾಡಿಸಿ ನೋಡಬೇಕು. ಸ್ನೇಹಿತರ ಷಡ್ಡಕರ ತೋಟದಲ್ಲಿ, ಅವರ ಕೈಗೆ ಮೊಬೈಲ್ ಕೊಟ್ಟು, ನಾವು ಬಾಯಿ ಮುಚ್ಚಿಕೊಂಡು ನಿಂತೆವು. ಪೈಪಿನ ಕೆಳಗೆ ಗುಂಡಿ ತೋಡಿ ಬಾಟಲಿ ಇಟ್ಟರು. 15 ನಿಮಿಷದ ಮೇಲೆ ನೋಡಿದರೆ ಬಾಟಲಿಯಲ್ಲಿ ಎರಡು ಬೆರಳು ನೀರು, ಪಕ್ಕದ ಮಣ್ಣು ಮಾತ್ರ ಚೆನ್ನಾಗಿ ನೆನೆದಿತ್ತು. ಡ್ರಿಪ್ಪರ್ ಚೆನ್ನಾಗಿಯೇ ಇತ್ತು. ನೀರು ಕೆಳಗೆ ಬೀಳದೆ ಪೈಪಿನ ಹೊಟ್ಟೆಗೆ ಅಂಟಿಕೊಂಡು ಮುಂದಕ್ಕೆ ಹರಿದು ಹೋಗಿತ್ತು. ಡ್ರಿಪ್ಪರಿನ ಎರಡೂ ಪಕ್ಕ ದಾರ ಕಟ್ಟಿ ಬಾಟಲಿಯೊಳಗೆ ಇಳಿಬಿಟ್ಟ ಮೇಲೆ ಲೆಕ್ಕ ಸರಿಬಂತು. ಮುನ್ನುಡಿಯಲ್ಲಿ ಕಂಡ ಆ "ಒಂದು ತುಂಡು ದಾರ" ಹೀಗೆ ಬಂದದ್ದು. ಹದಿನೈದು ವರ್ಷ ಕೆಲಸ ಮಾಡಿದವರಿಗೆ ದಾರ ಕಟ್ಟುವುದು ಎಷ್ಟು ಅಭ್ಯಾಸವೆಂದರೆ, ಬರೆಯಬೇಕು ಎಂದೇ ಅನಿಸಿರಲಿಲ್ಲ. ಮೋಟಾರ್ ಹಾಕಿದ ತಕ್ಷಣ ಅಳೆಯಬಾರದು, ಪೈಪ್ ತುಂಬಿ ಐದು ನಿಮಿಷ ಆಗಿರಬೇಕು ಎಂಬುದೂ ಅಂದೇ ಸೇರಿತು.

ಎಚ್ಚರಿಕೆ: ಎಲ್ಲಿ ಪೆನ್ನು ಕೆಳಗಿಟ್ಟು ಬಲ್ಲವರನ್ನು ಕೇಳಬೇಕು

ಐದನೇ ಅಧ್ಯಾಯಕ್ಕೆ ನಾನು ಮೊದಲು ಕೊಟ್ಟ ಹೆಸರು "ಆಸಿಡ್ ಬಿಟ್ಟು ಬಿಳಿ ಉಪ್ಪು ತೊಳೆಯುವುದು". ಚುರುಕಾಗಿದೆ, ಸ್ಪಷ್ಟವಾಗಿದೆ, ಅಪಾಯಕಾರಿಯೂ ಹೌದು. ಅಧ್ಯಾಯದ ಹೆಸರನ್ನು ಜನ ಒಂಟಿಯಾಗಿ ಓದುತ್ತಾರೆ, ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕುತ್ತಾರೆ. ಒಳಗಿನ ಎಚ್ಚರಿಕೆ ಅದರ ಜೊತೆ ಹೋಗುವುದಿಲ್ಲ. ಆಸಿಡನ್ನು ನೀರಿಗೆ ನಿಧಾನವಾಗಿ ಸುರಿಯಬೇಕು, ಆಸಿಡ್ ಇರುವ ಪಾತ್ರೆಗೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕ್ಲೋರಿನ್ ಪುಡಿಯ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ. ಹಾಗಾಗಿ ಕೈಸುಡುವ ಕೆಲಸವಿರುವ ಅಧ್ಯಾಯದ ಹೆಸರು ಆ ಕೆಲಸವನ್ನು ಹೇಳದೆ, ಅದರ ಹಿಂದಿನ ಸುರಕ್ಷಿತ ಹೆಜ್ಜೆಯನ್ನು ಹೇಳಲಿ. ಆಸಿಡ್ ಎಷ್ಟು ಎಂಬುದು ಆಯಾ ಬೋರ್‌ವೆಲ್ಲಿನ ನೀರಿನ ಮೇಲೆ ನಿಂತಿರುವುದರಿಂದ ಪುಸ್ತಕದಲ್ಲಿ ಅಳತೆಯನ್ನೇ ಕೊಡಲಿಲ್ಲ. ನೀರಿನ ವರದಿ ಹಿಡಿದು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನೋ ಕೇಳಿ ಎಂದು ಬರೆದೆವು.

ನಿಮ್ಮ ಪುಸ್ತಕ ಔಷಧಿಯ ಪ್ರಮಾಣ, ಕರೆಂಟಿನ ಕೆಲಸ, ಸಾಲ, ಕಾಯಿಲೆ ಇವುಗಳಲ್ಲಿ ಯಾವುದನ್ನಾದರೂ ಶೀರ್ಷಿಕೆಯಲ್ಲಿ ಮುಟ್ಟುತ್ತಿದ್ದರೆ ಇದೇ ಮಾತು: ಆ ವಿಷಯ ಬಲ್ಲ ಒಬ್ಬರು ಓದುವ ತನಕ ಹಂಚಬೇಡಿ. ಅಂಗಡಿಯವರಿಗೆ ಇನ್ನೊಂದು ಮಾತೂ ಇದೆ. ಪುಸ್ತಕ ಉಚಿತವಾದರೂ ನಿಮ್ಮ ಸಾಮಾನಿನ ಮಾರಾಟಕ್ಕೆ ಅದು ನೆರವಾಗುತ್ತಿದ್ದರೆ ಅದನ್ನು ಜಾಹೀರಾತೆಂದೇ ನೋಡಬಹುದು, ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಂಡವಿದೆ. "ದುಪ್ಪಟ್ಟು", "ಗ್ಯಾರಂಟಿ" ಎಂಬ ಪದಗಳನ್ನು ಮುಖಪುಟದಿಂದ ತೆಗೆಯಲು ಈ ಒಂದು ಕಾರಣವೂ ಸಾಕು.

ಲಕ್ಷಣ: ಎಲ್ಲ ಬದಲಿಸಿದರೂ ಹಳೆಯ ದೂರೇ ಬರುತ್ತಿದೆ

ದೂರು ಹೇಳಿದವರ ಮೊಬೈಲಿನಲ್ಲಿ ಯಾವ ಫೈಲಿದೆ ನೋಡಿ. ಗುಂಪಿನಿಂದ ಗುಂಪಿಗೆ ಹೋದ ಹಳೆಯ ಪಿಡಿಎಫನ್ನು ಹಿಂದಕ್ಕೆ ಕರೆಸಲಾಗದು. ಸ್ನೇಹಿತರಿಗೆ ಕಳೆದ ವಾರ ಬಂಗಾರಪೇಟೆ ಕಡೆಯಿಂದ ಫೋನ್ ಮಾಡಿದವರೊಬ್ಬರು ಇನ್ನೂ "ಸಮೃದ್ಧ ಕೃಷಿಯತ್ತ" ಓದುತ್ತಿದ್ದರು. ಹೊಸದರ ಮುಖಪುಟದ ಕೆಳಗೆ ತಿಂಗಳು, ವರ್ಷ, ಪುಟಗಳ ಸಂಖ್ಯೆ ಹಾಕಿದ್ದೇವೆ. ಯಾರಾದರೂ ಪುಸ್ತಕದ ಬಗ್ಗೆ ಫೋನ್ ಮಾಡಿದರೆ ಸ್ನೇಹಿತರು ಈಗ ಮೊದಲು ಕೇಳುವುದು, "ನಿಮ್ಮ ಹತ್ರ ಇರೋದು 14 ಪುಟದ್ದೋ, 32 ಪುಟದ್ದೋ?"